ಹಿಂದಿನ ರೂಮಿಂದ ನ್ಯಾಸ್‌ಗೆ: ವೈಫೈ, ಪವರ್‌ಲೈನ್, ಕೇಬಲ್ ಮೂರೂ ಹಾಕಿ ನೋಡಿದ್ದು

ಮೂಡಿಗೆರೆ ಹತ್ರ ನಮ್ದು ಹಳೇ ಹೆಂಚಿನ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ರೂಟರು, ಫೋಟೋ ಎಲ್ಲ ಇಡೋ ನೆಟ್‌ವರ್ಕ್ ಡಿಸ್ಕ್ ಅಂದ್ರೆ ನ್ಯಾಸು, ಎರಡೂ ಮುಂದಿನ ಹಾಲಲ್ಲಿ, ನಾನು ಫೋಟೋ ಎಡಿಟ್ ಮಾಡೋದು ಅಡುಗೆಮನೆ ದಾಟಿ ಹಿಂದಿರೋ ರೂಮಲ್ಲಿ. ಮೂರಕ್ಕೂ ಒಂದೇ ಪರೀಕ್ಷೆ, 20 ಜಿಬಿ ಫೋಟೋ ಫೋಲ್ಡರ್ ಕಾಪಿ.

ವೈಫೈಲಿ 5 ಗಿಗಾಹರ್ಟ್ಸ್ ಆ ರೂಮಿಗೆ ಬರೋದೇ ಇಲ್ಲ, 2.4ರಲ್ಲಿ ಸೆಕೆಂಡಿಗೆ 4 ಎಂಬಿ, ಕಾಪಿ ಮುಗಿಯೋಕೆ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಅದೇ ರೂಮಲ್ಲಿ ವಿಡಿಯೋ ಚೆನ್ನಾಗೇ ಓಡುತ್ತೆ, ಅದಕ್ಕೆ ಬೇಕಾಗಿರೋದೇ ಸ್ವಲ್ಪ ಸ್ಪೀಡ್, ಹಂಗಾಗಿ ಬಹಳ ದಿನ ವೈಫೈ ಮೇಲೆ ನನಗೆ ಅನುಮಾನಾನೇ ಬರ್ಲಿಲ್ಲ.

ಆಮೇಲೆ ಮನೆ ಕರೆಂಟ್ ವೈರಲ್ಲೇ ನೆಟ್‌ವರ್ಕ್ ಸಿಗ್ನಲ್ ಕಳಿಸೋ ಪವರ್‌ಲೈನ್ ಅಡಾಪ್ಟರ್ ಜೋಡಿ ತಂದೆ. ಡಬ್ಬಿ ಮೇಲೆ 600 ಅಂತ ಇದ್ರೂ ಅದರ ಲ್ಯಾನ್ ಪೋರ್ಟು 100 ಮೆಗಾಬಿಟ್ಟೇ, ತಗೊಳೋಕ್ ಮುಂಚೆ ಇದನ್ನ ನೋಡ್ಲೇಬೇಕು. ಮೊದಲು ಸ್ಪೈಕ್ ಗಾರ್ಡಿಗೆ ಚುಚ್ಚಿದ್ದೆ, ಲಿಂಕ್ ಬಿಟ್ಟು ಬಿಟ್ಟು ಹೋಗ್ತಿತ್ತು, ಯಾಕಂದ್ರೆ ಅದರೊಳಗಿನ ಫಿಲ್ಟರ್ ಈ ಸಿಗ್ನಲನ್ನೂ ಗಲಾಟೆ ಅಂತ ತಡೆದುಬಿಡುತ್ತೆ. ನೇರ ಗೋಡೆ ಪ್ಲಗ್ಗಿಗೆ ಹಾಕಿದ್ರೂ 2 ಎಂಬಿ ಅಷ್ಟೇ. ನಮ್ಮನೇದು ತ್ರೀ ಫೇಸ್ ಕನೆಕ್ಷನ್, ಹಾಲ್ ಒಂದು ಫೇಸು, ಹಿಂದಿನ ರೂಮ್ ಇನ್ನೊಂದು ಫೇಸು. ಎಲೆಕ್ಟ್ರಿಷಿಯನ್ ಕರೆಸಿ ಡಿಬಿ ಬಾಕ್ಸಲ್ಲಿ ಎರಡನ್ನೂ ಒಂದೇ ಫೇಸಿಗೆ ಹಾಕಿಸಿದ್ಮೇಲೆ 9 ಎಂಬಿ ಬಂತು. ಆದ್ರೆ ಅಮ್ಮ ಮಿಕ್ಸಿ ಹಾಕಿದ್ರೆ 3ಕ್ಕೆ ಇಳಿಯುತ್ತೆ, ಕರೆಂಟ್ ಹೋದ್ರೆ ಹಿಂದಿನ ರೂಮಿನ ಪ್ಲಗ್ ಯುಪಿಎಸ್ ಲೈನಲ್ಲಿ ಇಲ್ಲದೆ ಇರೋದ್ರಿಂದ ಅಡಾಪ್ಟರೇ ಆಫ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ.

ಕೊನೆಗೆ ಕೇಬಲ್. ಅಪ್ಪಟ ತಾಮ್ರದ ಕ್ಯಾಟ್6, 35 ಮೀಟರ್, ಅಟ್ಟದಲ್ಲಿ ಇಲಿ ಕಾಟ ಅಂತ ಪಿವಿಸಿ ಪೈಪೊಳಗೆ ಎಳೆದ್ವಿ. ಹೊರಗಡೆ ಗೋಡೆ ಮೇಲಿಂದ ತಂದಿದ್ರೆ ದೂರ ಕಮ್ಮಿ ಆಗ್ತಿತ್ತು, ಆದ್ರೆ ಏಪ್ರಿಲ್ ಮೇ ಸಿಡಿಲಿಗೆ ಹೊರಗಿರೋ ಉದ್ದನೆ ತಂತಿಲಿ ವೋಲ್ಟೇಜ್ ಹುಟ್ಟಿ ನ್ಯಾಸ್ ಪೋರ್ಟೇ ಸುಟ್ಟೋಗಬಹುದು. ಇಷ್ಟೆಲ್ಲ ಮಾಡಿ ಕಾಪಿಗೆ ಹಾಕಿದ್ರೆ 11 ಎಂಬಿ, ಅದಕ್ಕಿಂತ ಒಂಚೂರೂ ಮೇಲೆ ಏರಲ್ಲ. ಎಂಟು ಬಿಟ್ ಸೇರಿದ್ರೆ ಒಂದು ಬೈಟು, ಹಂಗಾಗಿ 11 ಎಂಬಿಗೇ ನಿಂತ್ರೆ ಲಿಂಕ್ 100 ಮೆಗಾಬಿಟ್ಟಲ್ಲಿದೆ ಅಂತ ಅರ್ಥ, ಲ್ಯಾಪ್‌ಟಾಪಲ್ಲಿ ನೋಡಿದ್ರೆ ಅದೇ:

```
$ ethtool enp3s0 | grep Speed
	Speed: 100Mb/s
```

100ಕ್ಕೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೊತೆ ಬೇಕು. ಕ್ರಿಂಪ್ ಮಾಡುವಾಗ ಕಂದು ತಂತಿ ಕನೆಕ್ಟರಿನ ತುದಿ ಮುಟ್ಟಿರ್ಲಿಲ್ಲ. ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ್ಮೇಲೆ 1000 ತೋರಿಸ್ತು, ಸೆಕೆಂಡಿಗೆ 110 ಎಂಬಿ, 20 ಜಿಬಿ ಮೂರು ನಿಮಿಷದ ಚಿಲ್ಲರೆಗೆ ಮುಗೀತು, ಅಷ್ಟು ಖುಷಿ ಆಯ್ತು ನನಗೆ.

ಪವರ್‌ಲೈನ್ ಜೋಡಿ ಈಗ ಹಾಸನದಲ್ಲಿ ಅಕ್ಕನ ಬಾಡಿಗೆ ಮನೇಲಿದೆ. ಅಲ್ಲಿ ಗೋಡೆ ಕೊರೆಯೋ ಹಂಗಿಲ್ಲ, ಸಿಂಗಲ್ ಫೇಸ್ ಬೇರೆ, ಅವಳಿಗೆ ಆರಾಮಾಗಿ 8 ಎಂಬಿ ಬರ್ತಿದೆ.