ಸೋಲಾರ್ ಹಾಕಿಸುವವರೇ, ತಾರಸಿಗೆ ಡ್ರಿಲ್ ಬೀಳುವ ಮುನ್ನ ಇದನ್ನು ಓದಿ

ಮೈಸೂರಿನಲ್ಲಿ ಭಾವನ ಮನೆ. ತಾರಸಿಗೆ ಡಾಂಬರಿನ ಶೀಟ್ ಮೆಂಬ್ರೇನ್ ಹಾಕಿಸಿದ್ದರು, ಒಂದು ಹನಿ ಸೋರುತ್ತಿರಲಿಲ್ಲ. ಅದರ ಮೇಲೆ 3 ಕಿಲೋವ್ಯಾಟ್ ಸೋಲಾರ್ ಬಂತು. ಸ್ಟ್ರಕ್ಚರ್‌ಗೆ ಎಂಟು ಕಾಲು, ಕಾಲಿಗೆ ನಾಲ್ಕು ಬೋಲ್ಟ್. ಅಂದರೆ ಚೆನ್ನಾಗಿದ್ದ ಮೆಂಬ್ರೇನ್‌ಗೆ 32 ತೂತು! ಬೇಸ್ ಪ್ಲೇಟನ್ನು ನೇರ ಶೀಟ್ ಮೇಲಿಟ್ಟು, ಆಂಕರ್ ಬೋಲ್ಟ್ ಹೊಡೆದು, ಸುತ್ತ ಸಿಲಿಕೋನ್ ಬಳಿದು ಹೋದರು. ಸಿಲಿಕೋನ್ ಡಾಂಬರಿಗೆ ಸರಿಯಾಗಿ ಹಿಡಿಯುವುದಿಲ್ಲ, ಡ್ರಿಲ್ ಪುಡಿಯ ಮೇಲಂತೂ ಇಲ್ಲವೇ ಇಲ್ಲ. ಗಾಳಿಗೆ ಪ್ಯಾನೆಲ್ ಅಲುಗಿದಾಗೆಲ್ಲ ಪ್ಲೇಟ್ ಕೂದಲೆಳೆಯಷ್ಟು ಸರಿಯುತ್ತದೆ, ಅಂಚು ಬಿಡುತ್ತದೆ.

ಮಳೆ ಬಂತು, ಹಾಲ್‌ನ ಫ್ಯಾನ್ ಕೊಕ್ಕೆಯಿಂದ ನೀರು ತೊಟ್ಟಿಕ್ಕಿತು. ಸೋಲಾರ್ ಹಾಕಿದವರಿಗೆ ಫೋನ್ ಮಾಡಿದರೆ ಬಂದ ಉತ್ತರ ಕೇಳಿ: "ಸರ್, ನಮ್ಮ ಬೋಲ್ಟ್ ಇರೋದು ಆ ಮೂಲೇಲಿ. ನೀರು ಬೀಳ್ತಿರೋದು ಫ್ಯಾನ್ ಹತ್ರ. ಅದು ನಮ್ದು ಹೆಂಗಾಗುತ್ತೆ?"

ಮನೆಯವರು ಮೋಸಹೋಗಿದ್ದು ಇಲ್ಲೇ. ಮಾತು ಸರಿ ಅನ್ನಿಸಿ ಪ್ಲಂಬರ್‌ನನ್ನು ಕರೆಸಿ ಪೈಪ್ ಹುಡುಕಿಸಿದರು. ಆದರೆ ತೂತಿನಿಂದ ಇಳಿದ ನೀರು ಅಲ್ಲೇ ಕೆಳಗೆ ಬೀಳಬೇಕೆಂದೇನಿಲ್ಲ. ಮೆಂಬ್ರೇನ್ ಅಡಿಯಲ್ಲಿ ಇಳಿಜಾರು ಹಿಡಿದು ಹರಿದು, ಸ್ಲ್ಯಾಬ್‌ನ ಬಿರುಕೋ ವೈರಿಂಗ್ ಪೈಪೋ ಸಿಕ್ಕಲ್ಲಿ ಇಳಿಯುತ್ತದೆ. ಕೊನೆಗೆ ಒಂದೊಂದು ಕಾಲಿನ ಸುತ್ತ ಗಾರೆಯ ಪುಟ್ಟ ಕಟ್ಟೆ ಕಟ್ಟಿ, ಒಂದು ಸಲಕ್ಕೆ ಒಂದರಲ್ಲಿ ಮಾತ್ರ ನೀರು ನಿಲ್ಲಿಸಿ, ಒಂದೆರಡು ದಿನ ಕಾದು ನೋಡಿದಾಗ ಕಳ್ಳ ಸಿಕ್ಕಿದ. ಹಾಲ್‌ನಿಂದ ಹತ್ತಡಿ ದೂರದ ಕಾಲು!

ಆಗ ಮಾತು ಬದಲಾಯಿತು. "ವಾಟರ್‌ಪ್ರೂಫಿಂಗ್ ನಮ್ಮ ಸ್ಕೋಪ್ ಅಲ್ಲ ಸರ್. ಐದು ವರ್ಷದ ಮೆಂಟೆನೆನ್ಸ್ ಸಿಸ್ಟಮ್‌ಗೆ, ತಾರಸಿಗಲ್ಲ." ಮೆಂಬ್ರೇನ್ ಹಾಕಿದವನೋ, "ತೂತು ಹೊಡೆಸಿದ್ದೀರಲ್ಲ, ಇನ್ನೆಲ್ಲಿಯ ಗ್ಯಾರಂಟಿ?" ಅಂದ. ಸ್ಕೋಪ್ ಅಲ್ಲವಂತೆ! ತೂತು ಹೊಡೆಯುವುದು ಮಾತ್ರ ಸ್ಕೋಪು.

ಸರಿಯಾದ ಕೆಲಸ ಹೀಗೆ. ಕಾಲು ಬರುವ ಕಡೆ ಮೆಂಬ್ರೇನ್ ಕತ್ತರಿಸಿ, ಸ್ಲ್ಯಾಬ್ ಕೆತ್ತಿ ಒರಟು ಮಾಡಿ, ಎಪಾಕ್ಸಿಯಲ್ಲಿ ಕಂಬಿ ಕೂರಿಸಿ, ಒಂದಡಿ ಎತ್ತರದ ಪೆಡೆಸ್ಟಲ್, ಅಂದರೆ ಕಾಂಕ್ರೀಟಿನ ಗಿಡ್ಡ ಕಂಬ, ಹಾಕಬೇಕು. ಅದು ಗಟ್ಟಿಯಾಗಿ ಒಣಗಿದ ಮೇಲೆ ಬುಡದ ಮೂಲೆಯನ್ನು ಗಾರೆಯಿಂದ ಇಳಿಜಾರು ಮಾಡಿ, ಹಳೆಯ ಶೀಟ್‌ಗೆ ಬೆಸೆದ ಹೊಸ ಮೆಂಬ್ರೇನನ್ನು ಪೆಡೆಸ್ಟಲ್ ಮೈಮೇಲೆ ಕನಿಷ್ಠ ಆರು ಇಂಚು ಹತ್ತಿಸಬೇಕು. ಅದರ ಮೇಲಂಚಿಗೆ ಅಲ್ಯೂಮಿನಿಯಂ ಪಟ್ಟಿಯ ಫ್ಲಾಶಿಂಗ್ ಬಿಗಿದು, ಪಟ್ಟಿಯ ಮೇಲ್ತುದಿಗೆ ಪಿಯು ಸೀಲೆಂಟ್ ತುಂಬಬೇಕು. ಈ ಪಟ್ಟಿ ಇಲ್ಲದಿದ್ದರೆ ಪೆಡೆಸ್ಟಲ್ ಮೈ ಹಿಡಿದು ಇಳಿಯುವ ಮಳೆನೀರು ಶೀಟಿನ ಹಿಂದೆ ಸೇರುತ್ತದೆ. ಬೋಲ್ಟ್ ಹೋಗುವುದು ಪೆಡೆಸ್ಟಲ್ ತಲೆಗೆ, ನಾಲ್ಕು ಇಂಚು ಆಳ. ನಿಂತ ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ.

ತೂತೇ ಬೇಡ, ಭಾರದ ಬ್ಲಾಕ್ ಇಟ್ಟು ನಿಲ್ಲಿಸುತ್ತೇವೆ ಅಂದರೆ ಗಾಳಿಯ ಲೆಕ್ಕ ಕಾಗದದಲ್ಲಿ ಕೇಳಿ. ಬೆಂಗಳೂರಿಗೆ ಲೆಕ್ಕ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಎರಡೂ ಕಡೆ ಅದೇ ಬ್ಲಾಕ್ ಸಾಲದು.

ಕೊಟೇಶನ್‌ನಲ್ಲೇ "ಬೋಲ್ಟ್ ಜಾಗದ ಸೋರಿಕೆ ನಮ್ಮ ಹೊಣೆ" ಎಂದು ಬರೆಸಿ. ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಾರಸಿಯಲ್ಲಿ ಒಂದಿಂಚು ನೀರು 48 ಗಂಟೆ ನಿಲ್ಲಿಸಿ ಫೋಟೊ ತೆಗೆದಿಡಿ. ಮುಂಚಿನ ಫೋಟೊ ಇಲ್ಲದಿದ್ದರೆ "ಮೊದಲೇ ಸೋರ್ತಿತ್ತು" ಅನ್ನುತ್ತಾರೆ, ಭಾವನಿಗೂ ಅದನ್ನೇ ಅಂದರು. ಎರಡನೇ ಪರೀಕ್ಷೆ ಮುಗಿಯುವವರೆಗೆ ಕೊನೆಯ ಕಂತು ಕೊಡಬೇಡಿ.