ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್: ಹೆಸರು ಸರಿ ಇಟ್ಟರೆ ಮಾತ್ರ ಹುಡುಕಿದ್ದು ಸಿಗುತ್ತದೆ

ಹುಬ್ಬಳ್ಳಿಯಲ್ಲಿ ಅಕ್ಕ ಮನೆಯಿಂದಲೇ ಚಟ್ನಿ ಪುಡಿ, ರೊಟ್ಟಿ, ಹೋಳಿಗೆ, ಉಂಡಿ ಮಾರುತ್ತಾಳೆ. ಗಿರಾಕಿಗಳಲ್ಲಿ ಅರ್ಧ ಜನ ಬೆಂಗಳೂರು, ಮೈಸೂರಿನವರು. ಕ್ಯಾಟಲಾಗ್ ನೋಡಿಕೊಳ್ಳುವ ಕೆಲಸ ನನ್ನದು. ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಫೋಟೊ, ಕಾರ್ಟ್, ಆರ್ಡರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದು ಬಿಡಿ. ನಾನು ಹೇಳುವುದು ಕ್ಯಾಟಲಾಗ್ ಒಳಗಿನ ಹುಡುಕಾಟದ ಬಗ್ಗೆ ಮಾತ್ರ.

ಹತ್ತು ಹದಿನೈದು ಐಟಂ ಇದ್ದರೆ ಇದರ ತಲೆನೋವೇ ಇಲ್ಲ. ಜನ ಬೆರಳಲ್ಲಿ ಸರಿಸಿ ನೋಡಿಬಿಡುತ್ತಾರೆ. ಆಪ್‌ನಲ್ಲಿ 500 ಐಟಂವರೆಗೂ ಹಾಕಬಹುದು, ಆದರೆ ಐವತ್ತು ದಾಟುತ್ತಿದ್ದಂತೆಯೇ ಸರಿಸಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಒಂದು ಪದ ಹೊಡೆಯುತ್ತಾರೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ "ಅಕ್ಕಾ, ಕಡ್ಲೆಬೀಜದ ಚಟ್ನಿಪುಡಿ ಇದ್ಯಾ?" ಅಂತ ಮೆಸೇಜು. ಕ್ಯಾಟಲಾಗ್‌ನಲ್ಲಿ ಅದು ಕಣ್ಣೆದುರೇ ಇರುತ್ತದೆ, "ಶೇಂಗಾ ಚಟ್ನಿ" ಅನ್ನೋ ಹೆಸರಲ್ಲಿ! ಇಷ್ಟು ಕೇಳುವವರಾದರೂ ವಾಸಿ. ಕೇಳದೆ ಹೋದವರ ಲೆಕ್ಕ ಯಾರ ಹತ್ತಿರ ಇದೆ?

ಆಪ್‌ಗೆ ಶೇಂಗಾ ಅಂದರೂ ಕಡ್ಲೆಬೀಜ ಅಂದರೂ ಒಂದೇ ಅನ್ನುವುದು ತಾನಾಗೇ ತಿಳಿಯುತ್ತದೆ ಅಂತ ನಂಬಿ ಕೂರಬೇಡಿ. ನೀವು ಬರೆದ ಅಕ್ಷರವೇ ಗತಿ. ಕನ್ನಡದಲ್ಲಿ ಇದು ಇನ್ನೂ ಫಜೀತಿ, ಯಾಕೆಂದರೆ ಒಂದೊಂದು ಕಡೆ ಒಂದೊಂದು ಹೆಸರು. ಪುಟಾಣಿ ಚಟ್ನಿಯನ್ನೇ ನೋಡಿ: ಧಾರವಾಡದ ಕಡೆ ಪುಟಾಣಿ, ಬೆಂಗಳೂರಿನ ಕಡೆ ಹುರಿಗಡಲೆ, "ಕಡಲೆ" ಅಂತ ಹೊಡೆದರೆ "ಹುರಿಗಡಲೆ"ಯೊಳಗೆ ಆ ಪದವೇ ಇಲ್ಲ, ಅಲ್ಲಿರುವುದು "ಗಡಲೆ". ಗುರೆಳ್ಳು ಅಂದರೆ ಮೈಸೂರಿನವರಿಗೆ ಹೊಳೆಯುವುದಿಲ್ಲ, ಅವರದು ಹುಚ್ಚೆಳ್ಳು. ರಂಜಕ ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ ಅನ್ನುವುದನ್ನು ನಮ್ಮ ಕಡೆಯವರನ್ನು ಬಿಟ್ಟು ಬೇರೆಯವರಿಗೆ ಹೇಳಿಯೇ ತಿಳಿಸಬೇಕು. ಇದರ ಮೇಲೆ ಅರ್ಧಕ್ಕರ್ಧ ಜನ ಕನ್ನಡ ಕೀಬೋರ್ಡ್ ತೆಗೆಯುವುದೇ ಇಲ್ಲ. shenga, chatni, chutney pudi, ಹೀಗೆ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಾರೆ.

ಹಾಗಾದರೆ ಗಿರಾಕಿ ಯಾವ ಪದ ಹೊಡೆಯುತ್ತಾನೆ ಅಂತ ಗೊತ್ತಾಗುವುದು ಹೇಗೆ? ಹುಡುಕಿದ ಪದಗಳ ಪಟ್ಟಿಯನ್ನು ಆಪ್ ನಮಗೆ ಕೊಡುವುದಿಲ್ಲ. ನನ್ನ ಮಟ್ಟಿಗೆ ಇದರ ದೊಡ್ಡ ಕೊರತೆ ಇದೇ. ಆದರೆ ಉತ್ತರ ನಿಮ್ಮ ಚಾಟ್‌ಗಳಲ್ಲೇ ಬಿದ್ದಿದೆ. ಚಾಟ್ ಪಟ್ಟಿಯ ಮೇಲಿರುವ ಹುಡುಕುವ ಜಾಗದಲ್ಲಿ "ಚಟ್ನಿ" ಅಂತ ಹಾಕಿ, ಆಮೇಲೆ chutney, chatni, ಆಮೇಲೆ "ಪುಡಿ", pudi. ಎಲ್ಲ ಗಿರಾಕಿಗಳ ಹಳೇ ಮೆಸೇಜುಗಳು ಸಾಲಾಗಿ ಬರುತ್ತವೆ. ಅವರು ಏನಂತ ಕೇಳಿದ್ದಾರೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಕ್ಕ ದಿನಾ ಬಾಯಲ್ಲಿ ಹೇಳುವ ಹೆಸರು ಬೇರೆ, ಆ ಹಾಳೆಯಲ್ಲಿ ಮತ್ತೆ ಮತ್ತೆ ಬಂದ ಹೆಸರು ಬೇರೆ. ಹಾಳೆಯದ್ದೇ ಗೆಲ್ಲಬೇಕು.

ಈಗ ಒಂದು ಐಟಂ ಹೇಗೆ ಬದಲಾಯಿತು ಅಂತ ತೋರಿಸುತ್ತೇನೆ. ಮೊದಲು ಇದ್ದದ್ದು:

```
ಅಕ್ಕನ ಕೈರುಚಿ ಸ್ಪೆಷಲ್ ಚಟ್ನಿಪುಡಿ (ಶೇಂಗಾ)
```

ಈಗ ಇರುವುದು:

```
ಶೇಂಗಾ ಚಟ್ನಿ ಪುಡಿ Shenga Chutney 250g
```

"ಅಕ್ಕನ ಕೈರುಚಿ" ಅಂತ ಯಾರೂ ಹುಡುಕುವುದಿಲ್ಲ. ಅಂಗಡಿಯ ಹೆಸರು ಹೇಗೂ ಮೇಲೇ ಇರುತ್ತದೆ. ಚಿಕ್ಕ ಪರದೆಯಲ್ಲಿ ಉದ್ದ ಹೆಸರಿನ ಕೊನೆ ಕತ್ತರಿಸಿ ಹೋಗುತ್ತದೆ, ಆದ್ದರಿಂದ ಪದಾರ್ಥ ಮೊದಲು, ತೂಕ ಕೊನೆಗೆ. "ಚಟ್ನಿಪುಡಿ" ಅಂತ ಅಂಟಿಸಿ ಬರೆದಿದ್ದನ್ನು "ಚಟ್ನಿ ಪುಡಿ" ಮಾಡಿದೆ, "ಪುಡಿ" ಅಂತ ಮಾತ್ರ ಹುಡುಕುವವರೂ ಇದ್ದಾರೆ. ಕನ್ನಡ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಲ, ಅಷ್ಟು ಸಾಕು. ಶೇಂಗಾ, ಕಡ್ಲೆಬೀಜ, ನೆಲಗಡಲೆ, ಪೀನಟ್, ಗ್ರೌಂಡ್‌ನಟ್ ಎಲ್ಲವನ್ನೂ ಹೆಸರಿಗೇ ತುರುಕಿದರೆ ಓದುವವನಿಗೆ ಅದು ಏನೆಂದೇ ತಿಳಿಯುವುದಿಲ್ಲ. ಸುಮ್ನೆ ಒದರಿದ ಹಾಗೆ ಕಾಣುತ್ತದೆ.

ಉಳಿದ ಹೆಸರುಗಳಿಗೆ ಜಾಗ ವಿವರಣೆಯಲ್ಲಿ. ಆದರೆ ಪಟ್ಟಿಯ ಹಾಗೆ ಅಲ್ಲ, ವಾಕ್ಯವಾಗಿ:

```
ಬಳ್ಳೊಳ್ಳಿ ಹಾಕಿದ ಖಾರದ ಶೇಂಗಾ (ಕಡ್ಲೆಬೀಜ, peanut) ಚಟ್ನಿ ಪುಡಿ.
ರೊಟ್ಟಿ, ಅನ್ನ, ದೋಸೆಗೆ. ಬೆಳ್ಳುಳ್ಳಿ ಬೇಡ ಅಂದರೆ ಆರ್ಡರ್ ಮಾಡುವಾಗ ಹೇಳಿ.
ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಒಣ ಚಮಚ ಬಳಸಿ.
```

ಬಳ್ಳೊಳ್ಳಿ ಅಂತಲೂ ಬೆಳ್ಳುಳ್ಳಿ ಅಂತಲೂ ಬೇಕೆಂದೇ ಬರೆದಿದ್ದೇನೆ, ಎರಡೂ ಕಡೆಯವರಿಗೆ ಆಯಿತು. ಪಟ್ಟಿಯಲ್ಲಿ ಹೆಸರಿನ ಕೆಳಗೆ ವಿವರಣೆಯ ಶುರುವಿನ ಭಾಗ ಮಾತ್ರ ಕಾಣುತ್ತದೆ, ಅದಕ್ಕೇ ಮೊದಲ ಸಾಲಿನಲ್ಲಿ ರುಚಿ ಮತ್ತು ಬೆಳ್ಳುಳ್ಳಿ. ಜನ ಜಾಸ್ತಿ ಕೇಳುವ ಪ್ರಶ್ನೆಯೂ ಅದೇ, ಅದರಲ್ಲೂ ಶ್ರಾವಣದಲ್ಲಿ. "ಶುಚಿಯಾಗಿ, ರುಚಿಯಾಗಿ ತಯಾರಿಸಿದ" ಅಂತ ಶುರು ಮಾಡಿದರೆ ಆ ಜಾಗ ದಂಡ. ಆದರೂ ವಿವರಣೆಯ ಮೇಲೆ ಭಾರ ಹಾಕಬೇಡಿ. ಸಿಗಲೇಬೇಕಾದ ಪದ ಹೆಸರಿನಲ್ಲೇ ಇರಲಿ.

ಇನ್ನೊಂದು ತೊಡಕಿದೆ. "ಶೇಂಗಾ" ಅಂತ ಹುಡುಕಿದರೆ ನಮ್ಮಲ್ಲಿ ಚಟ್ನಿ ಪುಡಿ, ಹೋಳಿಗೆ, ಉಂಡಿ ಮೂರೂ ಬರುತ್ತವೆ, ಅದು ಸರಿಯೇ. ಆದರೆ ಚಟ್ನಿ ಪುಡಿಯ ಕಾಲು ಕೆಜಿ, ಅರ್ಧ ಕೆಜಿ ಬೇರೆ ಬೇರೆ ಐಟಂ ಮಾಡಿರುವುದರಿಂದ ಒಂದೇ ಫೋಟೊ ಎರಡು ಸಲ ಕಾಣುತ್ತದೆ, ಜನ ದೊಡ್ಡದನ್ನು ಒತ್ತಿ ಆಮೇಲೆ "ಇಷ್ಟೊಂದು ಯಾಕೆ ರೇಟು?" ಅನ್ನುತ್ತಾರೆ. ಈಗ ಅರ್ಧ ಕೆಜಿಯ ಫೋಟೊದಲ್ಲೇ ದೊಡ್ಡದಾಗಿ 500g ಅಂತ ಬರೆದು ಹಾಕಿದ್ದೇವೆ.

ವಿವರಣೆಯಲ್ಲಿ ಔಷಧದ ಮಾತು ಬೇಡ. ಅಗಸಿ ಚಟ್ನಿಗೆ "ಶುಗರ್ ಇಳಿಸುತ್ತದೆ, ಕೊಲೆಸ್ಟ್ರಾಲ್ ಕಡಿಮೆ ಮಾಡುತ್ತದೆ" ಅಂತ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಹಾಗೆ ಹುಡುಕುವವರೂ ಇರಬಹುದು. ಆದರೆ ಪ್ರತಿ ಐಟಂ ವಾಟ್ಸಾಪ್‌ನ ನೀತಿಯ ಪ್ರಕಾರ ಪರಿಶೀಲನೆಗೆ ಹೋಗುತ್ತದೆ, ಇಂಥ ಮಾತಿದ್ದರೆ ತಿರಸ್ಕಾರ ಆಗುವ ದಾರಿ ನೀವೇ ಮಾಡಿಕೊಟ್ಟ ಹಾಗೆ. ತಿರಸ್ಕಾರವಾದರೆ ಆ ಐಟಂ ಗಿರಾಕಿಗೆ ಕಾಣುವುದಿಲ್ಲ, ನಿಮ್ಮ ಕ್ಯಾಟಲಾಗ್‌ನಲ್ಲಿ ಮಾತ್ರ ಅದರ ಮೇಲೆ ಕೆಂಪು ಗುರುತು ಇರುತ್ತದೆ. ಮರುಪರಿಶೀಲನೆ ಕೇಳಬಹುದು. ಅದಕ್ಕಿಂತ ಆ ಸಾಲನ್ನೇ ಬರೆಯದಿರುವುದು ಸುಲಭ.

ಹೆಸರು ಬದಲಾಯಿಸಿದ ಮೇಲೆ ನಿಮ್ಮದೇ ಫೋನಿನಲ್ಲಿ ನೋಡಿ ಖುಷಿ ಪಡಬೇಡಿ. ಮನೆಯವರ ಫೋನ್ ತೆಗೆದುಕೊಳ್ಳಿ, ಸಾಮಾನ್ಯ ವಾಟ್ಸಾಪ್ ಇರುವುದು. ಅದರಿಂದ ನಿಮ್ಮ ಅಂಗಡಿಯ ಪ್ರೊಫೈಲ್‌ಗೆ ಹೋಗಿ, ಕ್ಯಾಟಲಾಗ್ ತೆರೆದು, ಹಾಳೆಯಲ್ಲಿ ಬರೆದುಕೊಂಡ ಪದಗಳನ್ನು ಒಂದೊಂದಾಗಿ ಹೊಡೆಯಿರಿ, ತಪ್ಪು ಸ್ಪೆಲ್ಲಿಂಗ್ ಸಮೇತ. ಯಾವುದು ಸಿಗಲಿಲ್ಲವೋ ಅದಕ್ಕೆ ಗುರುತು ಹಾಕಿ. ತುಂಬ ಜನ ಕೇಳುವ ಪದವಾದರೆ ಹೆಸರಿಗೆ ಸೇರಿಸಿ, ಅಪರೂಪಕ್ಕೆ ಬಂದದ್ದಾದರೆ ಬಿಟ್ಟುಬಿಡಿ.

ಇದರಿಂದ ಹೊಸ ಗಿರಾಕಿ ಬರುತ್ತಾರೆ ಅಂದುಕೊಂಡವರಿಗೆ ನಿರಾಸೆ ಖಂಡಿತ. ಈ ಹುಡುಕಾಟ ನಿಮ್ಮ ಅಂಗಡಿಯೊಳಗೆ ಆಗಲೇ ಬಂದವರಿಗೆ. ನಮಗೆ ಸಿಕ್ಕ ಲಾಭ ಏನೆಂದರೆ "ಇದ್ಯಾ?" ಮೆಸೇಜುಗಳು ಕಡಿಮೆಯಾದವು, ಮತ್ತೆ ಉತ್ತರ ಕೊಡುವಾಗ ಅಕ್ಕನೂ ಚಾಟ್‌ನೊಳಗಿಂದ ಕ್ಯಾಟಲಾಗ್ ತೆಗೆದು ಐಟಂ ಬೇಗ ಹುಡುಕಿ ಕಳಿಸುತ್ತಾಳೆ. ರಂಜಕಕ್ಕೆ ಮಾತ್ರ ಏನು ಮಾಡಿದರೂ ಜನ ಹುಡುಕುವುದಿಲ್ಲ. ಅದರ ಐಟಂ ಲಿಂಕನ್ನು ಫೋಟೊ ಜೊತೆ ಸ್ಟೇಟಸ್‌ಗೆ ಹಾಕಿದಾಗಲೇ ಆರ್ಡರ್ ಬರುವುದು.