ಅರವತ್ತರ ಮೇಲೆ ಕಾಲಿನ ಬಲಕ್ಕೆ: ವಾಕಿಂಗ್, ಮನೆಯ ಕುರ್ಚಿ, ಜಿಮ್

ನಿಮ್ಮ ಕಾಕಾಗೆ 66. ದಿನಾ ಕಲಬುರಗಿಯ ಶರಣಬಸವೇಶ್ವರ ಕೆರೆ ಸುತ್ತ ನಡೀತಾರೆ, ಆದರೂ ನೆಲದಿಂದ ಏಳಲು ಕೈ ಊರಬೇಕು, ಕಾಲಿನ ಬಲಕ್ಕೆ ಏನು ಮಾಡಿಸಲಿ ಅಂತ ಕೇಳಿದಿರಿ. ವಯಸ್ಸಾದಂತೆ ಸ್ನಾಯುಗಳನ್ನು ದುಡಿಸುವ ಬೆನ್ನುಹುರಿಯ ಕೆಲವು ನರಕೋಶಗಳು ಸಾಯುತ್ತವೆ. ಥಟ್ಟನೆ ಬಲ ಕೊಡುವ ವೇಗದ ಸ್ನಾಯು ಎಳೆಗಳೇ ಹೆಚ್ಚು ಸೊರಗುತ್ತವೆ. ಸಮತಟ್ಟಾದ ನಡಿಗೆ ಅವನ್ನು ಎಬ್ಬಿಸುವುದೇ ಕಡಿಮೆ, ಭಾರ ಬಿದ್ದಾಗಲೇ ಅವು ದುಡಿಯುವುದು. ದುಡಿಯದ ಎಳೆ ಬೇಗ ಕರಗುತ್ತದೆ.

ಹಾಗಾಗಿ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ವಾಕಿಂಗ್ ಇರಲಿ. ಕಾಲಿನ ಬಲಕ್ಕೆ ಅದೊಂದೇ ಸಾಲದು.

ಖರ್ಚಿಲ್ಲದ್ದು ಕುರ್ಚಿ. ಗೋಡೆಗೆ ಒತ್ತಿಟ್ಟು, ಕೈ ಎದೆಗೆ ಕಟ್ಟಿ, 8ರಿಂದ 12 ಸಲ ಎದ್ದು ಕೂರುವುದು. ಇಂಥ ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ. 12 ಸಲೀಸಾದರೆ ಬೆನ್ನಿನ ಚೀಲದಲ್ಲಿ ಒಂದು ಕಿಲೋ ತೊಗರಿಬೇಳೆ, ಆಮೇಲೆ ಎರಡು. ಬಹಳ ಮಂದಿ ತಪ್ಪುವುದು ಇಲ್ಲೇ: ಭಾರ ಏರಿಸದೆ ತಿಂಗಳುಗಟ್ಟಲೆ ಅದನ್ನೇ ಮಾಡುತ್ತಾರೆ, ಬಲ ಅಲ್ಲೇ ನಿಲ್ಲುತ್ತದೆ. ಏಳುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ಬಿಪಿ ಏರುತ್ತದೆ.

ಜಿಮ್‌ಗೆ ತಿಂಗಳ ಫೀಸು, ಮೇ ಬಿಸಿಲಲ್ಲಿ ಓಡಾಟ. ಆದರೆ ಭಾರ ಸಣ್ಣಸಣ್ಣದಾಗಿ ಏರುತ್ತದೆ, ಬೆನ್ನು, ಭುಜಕ್ಕೂ ಕೆಲಸ ಸಿಗುತ್ತದೆ. ಮೊಣಕಾಲು ನೋಯುವವರಿಗೆ, ನೋಡಿ ತಿದ್ದುವವರಿದ್ದರೆ, ಇದೇ ಮೇಲು.

ಮೊದಲು ಗಡಿಯಾರ ಹಿಡಿಯಿರಿ. ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಡಾಕ್ಟರಿಗೆ ತೋರಿಸಿ, ಕುರ್ಚಿಯಿಂದಲೇ ಶುರುಮಾಡಿಸಿ.